ಸಹಿ ಅತಿಯಾಗಿ ತಾಳೆಯಾದರೆ ಅನುಮಾನಪಡಿ

ಎರಡು ಕಾಗದಗಳ ಸಹಿ ತಾಳೆಯಾದರೆ ನಾವು ನಿರಾಳರಾಗುತ್ತೇವೆ. ಆದರೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ತಾಳೆಯಾದರೆ ಅಲ್ಲೇ ನಿಲ್ಲಬೇಕು. ಒಬ್ಬನೇ ಮನುಷ್ಯ ಒಂದೇ ಪಟ್ಟಿಗೆ ಕೂತು ಹತ್ತು ಸಲ ಸಹಿ ಹಾಕಿದರೂ ಉದ್ದ, ಓರೆ, ಬಾಲದ ತಿರುವು ಒಂದಿಷ್ಟು ಬದಲಾಗಿಯೇ ಇರುತ್ತವೆ.

ಅಮೆರಿಕದ ಹೌಲ್ಯಾಂಡ್ ಉಯಿಲಿನ ಮೊಕದ್ದಮೆಯಲ್ಲಿ ಈ ವಾದ ಕೋರ್ಟಿಗೇ ಬಂದಿತ್ತು. ಗಣಿತಜ್ಞ ಬೆಂಜಮಿನ್ ಪಿಯರ್ಸ್ ಉಯಿಲು ಬರೆಸಿದ್ದ ಸಿಲ್ವಿಯಾ ಹೌಲ್ಯಾಂಡಳ 42 ಸಹಿಗಳನ್ನು ಜೋಡಿಜೋಡಿಯಾಗಿ ಹೋಲಿಸಿ ಲೆಕ್ಕ ಹಾಕಿಸಿದ. ಸಹಿಯಲ್ಲಿದ್ದ ಮೇಲಿಂದ ಕೆಳಕ್ಕೆ ಎಳೆದ 30 ಗೀಟುಗಳಲ್ಲಿ ಸರಾಸರಿ ಐದರಲ್ಲೊಂದು ಮಾತ್ರ ಹೊಂದುತ್ತಿತ್ತು. ವಿವಾದದ ಸಹಿಯಲ್ಲಿ ಮೂವತ್ತೂ ಹೊಂದಿದ್ದವು. (ಗೀಟುಗಳು ಒಂದಕ್ಕೊಂದು ಸಂಬಂಧವೇ ಇಲ್ಲದವು ಎಂದು ಅವನು ಹಿಡಿದ ಲೆಕ್ಕ ಅತಿಯಾಯಿತು. 1868ರ ತೀರ್ಪೂ ಬೇರೆ ಕಾರಣಕ್ಕೆ ಬಂತು.) ಅಲ್ಲಿದ್ದದ್ದು ಸಹಿಯ ಮೇಲೆ ಕಾಗದವಿಟ್ಟು ತಿದ್ದಿದ ಅನುಮಾನ. ಈಗ ಆ ಕಷ್ಟವೂ ಬೇಡ, ಕಾಪಿ-ಪೇಸ್ಟ್ ಸಾಕು.

ಸ್ಕ್ಯಾನ್ ಪಿಡಿಎಫ್‌ನಲ್ಲಿ ಇದನ್ನು ಪತ್ತೆ ಮಾಡಲು ಸ್ಕ್ರೀನ್‌ಶಾಟ್ ತೆಗೆಯಬೇಡಿ. ಒಳಗಿರುವ ಚಿತ್ರವನ್ನು Poppler ಪ್ಯಾಕೇಜಿನ pdfimages ಕಮಾಂಡಿನಿಂದ ಇದ್ದಂತೆಯೇ ಹೊರತೆಗೆಯಿರಿ:

```
pdfimages -list a.pdf
pdfimages -all a.pdf a
```

ಹೊರಬಂದ ಚಿತ್ರಗಳಲ್ಲಿ ಪುಟದ ಚಿತ್ರದ ಜೊತೆಗೆ ಸಹಿಯದ್ದೇ ಪುಟ್ಟ ಚಿತ್ರ ಬೇರೆಯಾಗಿ ಕಂಡರೆ, ಅದನ್ನು ಮೇಲಿಂದ ಅಂಟಿಸಿರುವ ಸಾಧ್ಯತೆ ಹೆಚ್ಚು. ಇಲ್ಲದಿದ್ದರೆ ಎರಡೂ ಪತ್ರಗಳಿಂದ ಹೀಗೆ ತೆಗೆದ ಪುಟಗಳನ್ನು ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಲೇಯರ್‌ಗಳಾಗಿ ತೆರೆದು, ಮೇಲಿನದರ ಮೋಡ್ Difference ಮಾಡಿ, ಸಹಿಯ ಮೇಲೆ ಸಹಿ ಕೂರುವಂತೆ ಸರಿಸಿ. ಒಂದೇ ಆದ ಜಾಗ ಪೂರ್ತಿ ಕಪ್ಪಾಗುತ್ತದೆ.

300 ಡಿಪಿಐನಲ್ಲಿ ಒಂದು ಪಿಕ್ಸೆಲ್ ಅಂದರೆ ಸುಮಾರು 0.085 ಮಿ.ಮೀ. ಅದೇ ಕಾಗದವನ್ನು ಅದೇ ಸ್ಕ್ಯಾನರ್‌ನಲ್ಲಿ ಎರಡು ಸಲ ಇಟ್ಟರೂ ಕಾಗದ ಚೂರು ವಾಲುತ್ತದೆ, ಸೆನ್ಸರ್ ತಾನಾಗಿ ಸೇರಿಸುವ ಚುಕ್ಕೆಗಳ ಗದ್ದಲ ಬೇರೆಯಾಗುತ್ತದೆ, ಅಂಚಿನ ಬೂದು ಚುಕ್ಕೆಗಳು ಬದಲಾಗುತ್ತವೆ. ಹಾಗಾಗಿ ಬೇರೆಬೇರೆ ತಾರೀಖಿನ ಎರಡು ಪತ್ರಗಳಲ್ಲಿ ಅಂಚಿನ ಬೂದು ಚುಕ್ಕೆಗಳೂ ಒಂದೇ ಆಗಿದ್ದರೆ ಅದು ಕೈಯ ಕೆಲಸವಲ್ಲ.

ಅಂಟಿಸಿದ ಮೇಲೆ ಪ್ರಿಂಟ್ ತೆಗೆದು ಮತ್ತೆ ಸ್ಕ್ಯಾನ್ ಮಾಡಿದ್ದರೆ, ಅಥವಾ ವಾಟ್ಸಾಪ್‌ನಲ್ಲಿ ಫೋಟೋ ಆಗಿ ಬಂದಿದ್ದರೆ, ಪಿಕ್ಸೆಲ್‌ಗಳು ಕೆಟ್ಟಿರುತ್ತವೆ. ಆಗ ಆಕಾರವನ್ನಷ್ಟೇ ನೋಡಬೇಕು: ಇಡೀ ಸಹಿಯನ್ನು ಒಟ್ಟಿಗೆ ತಿರುಗಿಸಿ, ಒಂದೇ ಪ್ರಮಾಣದಲ್ಲಿ ಹಿಗ್ಗಿಸಿದರೆ ಎಲ್ಲ ಗೆರೆಗಳೂ ಒಮ್ಮೆಗೇ ಕೂರುತ್ತವೆಯೇ?

ಇಷ್ಟಾದರೂ ‘ಫೋರ್ಜರಿ’ ಅಂತ ಕೂಗುವ ಹಾಗಿಲ್ಲ. ಸಹಿ ಮಾಡುವವರೇ ಒಪ್ಪಿ ತಮ್ಮ ಸಹಿಯ ಚಿತ್ರವನ್ನು ಆಫೀಸಿಗೆ ಕೊಟ್ಟಿರಬಹುದು, ರಬ್ಬರ್ ಸ್ಟಾಂಪ್ ಇರಬಹುದು. ಸಾಬೀತಾಗುವುದು ನಕಲು ಮಾತ್ರ. ಅನುಮತಿ ಇತ್ತೇ ಎಂಬುದು ಬೇರೆ ಪ್ರಶ್ನೆ.

ಮೂಲ ಯಾವುದು ಎಂಬುದಕ್ಕೆ ಸಹಿ ಬೇರೆ ಗುರುತನ್ನು ದಾಟುವ ಜಾಗ ನೋಡಿ. ಉದಾಹರಣೆಗೆ ಬಾಡಿಗೆ ಕರಾರಿನಲ್ಲಿ ಸಹಿಯ ಬಾಲ ಚುಕ್ಕೆಗೆರೆಯನ್ನು ದಾಟಿದೆ ಅಂದುಕೊಳ್ಳಿ. ರಸೀದಿಯಲ್ಲಿ ಅಂಥ ಗೆರೆಯೇ ಇಲ್ಲ, ಆದರೂ ಬಾಲದ ಅದೇ ಜಾಗದಲ್ಲಿ ಎರಡು ಚುಕ್ಕೆ ಉಳಿದಿವೆ, ಅಥವಾ ಅಳಿಸುವಾಗ ಬಾಲವೇ ತುಂಡಾಗಿದೆ. ಹಾಗಿದ್ದರೆ ಸಹಿ ಹೋಗಿದ್ದು ಕರಾರಿನಿಂದ ರಸೀದಿಗೆ.