ಬದನೆಕಾಯಿಯೇ ಕರ್ತೃ, ಅಮ್ಮ ಬರೀ ಚತುರ್ಥಿ

ಸ್ಪ್ಯಾನಿಷ್ ಕಲಿಯಲು ಹೊರಟ ಕನ್ನಡಿಗರು ‘ಗುಸ್ತಾರ್’ ಎಂಬ ಕ್ರಿಯಾಪದದ ಮುಂದೆ ಮುಗ್ಗರಿಸುವುದಕ್ಕೆ ಕಾರಣ ಸ್ಪ್ಯಾನಿಷ್ ಅಲ್ಲ, ನಡುವೆ ತೂರಿಕೊಂಡ ಇಂಗ್ಲಿಷು. ‘ಐ ಲೈಕ್’ ಎಂದು ಒಳಗೊಳಗೇ ಹೇಳಿಕೊಂಡು ‘ಯೊ ಗುಸ್ತೊ’ ಎಂದುಬಿಡುತ್ತಾರೆ. ಅದರ ಅರ್ಥ ‘ನಾನು ಹಿಡಿಸುತ್ತೇನೆ’. ಯಾರಿಗೆ ಅಂತ ಯಾರೂ ಕೇಳಿರಲಿಲ್ಲ.

ಇಂಗ್ಲಿಷನ್ನು ಬದಿಗಿಟ್ಟು ‘ನನಗೆ ಕಾಫಿ ಇಷ್ಟ’ ಎಂದುಕೊಂಡರೆ ಅರ್ಧ ಕೆಲಸ ಆಯಿತು. ‘ನನಗೆ’ ಅಂದರೆ ‘ಮೆ’. ಹಾಗಾಗಿ ‘ಮೆ ಗುಸ್ತಾ ಎಲ್ ಕಫೆ’. ಆದರೆ ‘ಇಷ್ಟ’ ಬಲು ಸೋಮಾರಿ, ಒಂದಿದ್ದರೂ ನೂರಿದ್ದರೂ ಅಲುಗಾಡುವುದಿಲ್ಲ. ಅದರ ಬದಲು ‘ಹಿಡಿಸು’ ಇಟ್ಟುಕೊಳ್ಳಿ. ಊರು ಹಿಡಿಸಿತು, ಊರುಗಳು ಹಿಡಿಸಿದವು. ಗುಸ್ತಾರ್ ಕೂಡ ಹೀಗೇ, ಹಿಡಿಸಿದ್ದು ಒಂದಾದರೆ ‘ಗುಸ್ತಾ’, ಹಲವಾದರೆ ‘ಗುಸ್ತಾನ್’. ತಿನ್ನುವುದು, ಮಲಗುವುದು ಎರಡೂ ಹಿಡಿಸಿದರೆ? ನಾವೂ ‘ಹಿಡಿಸುತ್ತದೆ’ ಎಂದೇ ಮುಗಿಸುತ್ತೇವಲ್ಲ, ಅಲ್ಲಿಯೂ ಏಕವಚನವೇ: ‘ಮೆ ಗುಸ್ತಾ ಕೊಮೆರ್ ಇ ದೊರ್ಮಿರ್’.

ಈಗ ‘ಅಮ್ಮನಿಗೆ ಬದನೆಕಾಯಿ ಹಿಡಿಸುವುದಿಲ್ಲ’ ಎನ್ನೋಣ. ‘ಆ ಮಿ ಮಾದ್ರೆ’ ಅಂದರೆ ನನ್ನ ಅಮ್ಮನಿಗೆ. ಆಮೇಲೆ ‘ನೊ’. ಕನ್ನಡಿಗರು ಜಾರುವುದು ಇದರ ಮುಂದಿನ ಮೆಟ್ಟಿಲಲ್ಲಿ. ಅಮ್ಮನನ್ನು ಹೆಸರಿಸಿ ಆಯಿತಲ್ಲ ಎಂದು ನೇರ ಕ್ರಿಯಾಪದಕ್ಕೆ ಹಾರುತ್ತಾರೆ. ಸ್ಪ್ಯಾನಿಷಿಗೆ ಅಷ್ಟು ಸಾಲದು. ‘ಅಮ್ಮನಿಗೆ, ಅವರಿಗೆ’ ಎಂದು ಎರಡು ಸಲ ಹೇಳಿಸಿಕೊಂಡೇ ಬಿಡುತ್ತದೆ. ಆ ಎರಡನೆಯದೇ ‘ಲೆ’. ಅಪ್ಪ ಅಮ್ಮ ಇಬ್ಬರಿಗೂ ಹಿಡಿಸದಿದ್ದರೆ ‘ಲೆಸ್’. ಕೊನೆಗೆ ಬದನೆಕಾಯಿ ಬಹುವಚನದಲ್ಲಿ, ತನ್ನ ‘ಲಾಸ್’ ಸಮೇತ. ಅದನ್ನು ಬಿಟ್ಟರೆ ವಾಕ್ಯ ಕುಂಟುತ್ತದೆ. ಎಲ್ಲ ಸೇರಿ: ‘ಆ ಮಿ ಮಾದ್ರೆ ನೊ ಲೆ ಗುಸ್ತಾನ್ ಲಾಸ್ ಬೆರೆಂಖೇನಾಸ್’. ಕ್ರಿಯಾಪದ ಬದನೆಕಾಯಿಯ ಮಾತು ಕೇಳುತ್ತದೆ, ಅಮ್ಮನದ್ದಲ್ಲ. ಮನೆಯಲ್ಲಿ ಇದು ನಡೆಯದು, ವ್ಯಾಕರಣದಲ್ಲಿ ನಡೆಯುತ್ತದೆ.

ತರಕಾರಿಯಲ್ಲಿ ತಪ್ಪಿದರೆ ನಗುತ್ತಾರೆ, ಮನುಷ್ಯರಲ್ಲಿ ತಪ್ಪಿದರೆ ನಗು ನಿಲ್ಲುತ್ತದೆ. ಮ್ಯಾಡ್ರಿಡ್‌ನ ಬಾಡಿಗೆ ಮನೆಯ ಒಡತಿ ಒಳ್ಳೆಯವರು ಎಂದು ಅವರ ಗಂಡನ ಎದುರೇ ‘ಮೆ ಗುಸ್ತಾಸ್’ ಎಂದರೆ, ವ್ಯಾಕರಣ ಶುದ್ಧ, ಊಟದ ಮೇಜು ಅಶಾಂತ. ಜನರ ಬಗ್ಗೆ ಹೇಳುವಾಗ ಅದರಲ್ಲಿ ಸಾಮಾನ್ಯವಾಗಿ ಪ್ರೇಮದ ವಾಸನೆ ಇರುತ್ತದೆ. ಬರೀ ಸ್ನೇಹವಾದರೆ ‘ಬೀಳು’ ಎಂಬರ್ಥದ ‘ಕಾಯೆರ್’ ಬಳಸಬೇಕು: ‘ಉಸ್ತೆದ್ ಮೆ ಕಾಎ ಬ್ಯೆನ್’, ನೀವು ನನಗೆ ಚೆನ್ನಾಗಿ ಬೀಳುತ್ತೀರಿ! ಕೇಳಲು ವಿಚಿತ್ರ, ಆದರೆ ಅಪಾಯವಿಲ್ಲ. ‘ಬ್ಯೆನ್’ ಜಾಗಕ್ಕೆ ‘ಮಾಲ್’ ಬಂದರೆ ಅವರನ್ನು ಕಂಡರೆ ಆಗುವುದಿಲ್ಲ ಎಂದರ್ಥ. ತಿಂದದ್ದು ಹೊಟ್ಟೆಗೆ ಒಗ್ಗದಿದ್ದರೂ ‘ಮಾಲ್’ ಬಿದ್ದಿತು ಎಂದೇ ಹೇಳುತ್ತಾರೆ. ಹಾಗಾಗಿ ಒಡತಿ ಮಾಡಿದ ಆಲೂಗಡ್ಡೆ ಆಮ್ಲೆಟ್ ಹೊಟ್ಟೆ ಕೆಡಿಸಿದ್ದರೆ, ‘ಕಾಯೆರ್ ಮಾಲ್’ ಹೇಳುವಾಗ ಕರ್ತೃ ‘ಲಾ ತೊರ್ತಿಯಾ’ ಎಂಬುದನ್ನು ಸ್ಪಷ್ಟವಾಗಿ, ಸ್ವಲ್ಪ ಗಟ್ಟಿಯಾಗಿಯೇ ಹೇಳಿ.