ಎಲ್ಲವೂ ಅರ್ಜೆಂಟ್, ಬಸ್ ಮಾತ್ರ ಹೊರಟುಹೋಯ್ತು

ನರಸಾಪುರ, ವೇಮಗಲ್ ಕಡೆಯ ಫ್ಯಾಕ್ಟರಿಗಳಲ್ಲಿ ಮಷಿನ್ ಸದ್ದು ಜಾಸ್ತಿ ಅಂತ ಕೆಲಸದವರ ಕಿವಿಗೆ ಇಯರ್ ಪ್ಲಗ್ ಕೊಡುತ್ತಾರೆ. ಒಳ್ಳೆಯದೇ. ಆದರೆ ಅದೇ ಕಂಪನಿಯ ಆಫೀಸಿನಲ್ಲಿ ಕೂತು ಮೇಲ್ ಓದುವವರಿಗೆ ಏನೂ ಕೊಡುವುದಿಲ್ಲ. ಅಲ್ಲಿನ ಸದ್ದು ಅಳೆಯೋಕೆ ಮೀಟರೂ ಇಲ್ಲ.

ನಾನು ಹೇಳುತ್ತಿರುವ ಕಂಪನಿಯ ಹೆಸರು ಬೇಡ ಬಿಡಿ, ನಿಮ್ಮ ಕಂಪನಿಯೂ ಹೀಗೇ ಇರುತ್ತದೆ. ಒಂದು ಶುಕ್ರವಾರ ಸಂಜೆ ಎಚ್‌ಆರ್ ಕಡೆಯಿಂದ ಎಲ್ಲರಿಗೂ ಒಂದು ಮೇಲ್ ಬಂತು. ಸಬ್ಜೆಕ್ಟ್ ಸಾಲು ಹೀಗಿತ್ತು:

```
URGENT!!! VERY IMPORTANT!!! PLEASE READ!!! - REG
```

ಯಾವುದರ ಬಗ್ಗೆ? ಅದೊಂದು ಇರಲಿಲ್ಲ. ಅರ್ಜೆಂಟ್ ಎಷ್ಟು ಜಾಸ್ತಿ ಇತ್ತು ಅಂದರೆ ವಿಷಯ ಬರೆಯೋಕೆ ಪುರುಸೊತ್ತಾಗಿಲ್ಲ ಪಾಪ.

ಒಳಗೆ ತೆರೆದರೆ ಇಡೀ ಮೇಲ್ ಕ್ಯಾಪಿಟಲ್ ಅಕ್ಷರ, ಇಡೀ ಮೇಲ್ ಬೋಲ್ಡ್, ಅರ್ಧ ಕೆಂಪು, ಉಳಿದರ್ಧಕ್ಕೆ ಹಿಂದೆ ಹಳದಿ ಬಣ್ಣ. ಮೊದಲು ಶುಭ ಸಂಜೆ. ಆಮೇಲೆ ಆಡಳಿತ ಮಂಡಳಿಯ ಅಭಿನಂದನೆ. ಐಡಿ ಕಾರ್ಡ್ ಕೊರಳಲ್ಲೇ ಇರಬೇಕು, ಜೇಬಲ್ಲಲ್ಲ. ಕ್ಯಾಂಟೀನಿನಲ್ಲಿ ತಟ್ಟೆ ಎತ್ತಿಡಬೇಕು. ಟೂ ವೀಲರ್ ಸಾಲಾಗಿ ನಿಲ್ಲಿಸಬೇಕು. ಇವೆಲ್ಲದರ ನಡುವೆ, ತಟ್ಟೆಗೂ ಟೂ ವೀಲರ್‌ಗೂ ಮಧ್ಯೆ ಒಂದು ಸಾಲು: ಸೋಮವಾರದಿಂದ ಮೊದಲ ಶಿಫ್ಟ್ ಬಸ್ ಕ್ಲಾಕ್ ಟವರ್ ಬಿಡುವುದು 5.45ಕ್ಕಲ್ಲ, 5.30ಕ್ಕೆ.

ಸೋಮವಾರ ಬೆಳಗ್ಗೆ ಏನಾಯಿತು ಅಂತ ಊಹಿಸಿ. ಬಸ್ ಸರಿಯಾಗಿ 5.30ಕ್ಕೆ ಹೊರಟಿತು, ಹೆಚ್ಚುಕಮ್ಮಿ ಖಾಲಿ. ಜನ ಎಂದಿನಂತೆ 5.40ಕ್ಕೆ ಬಂದು, ಟೀ ಕುಡಿದು, ಬಸ್ಸಿಗೆ ಕಾದರು.

"ಏನಣ್ಣ, ಮೇಲ್ ನೋಡ್ಲಿಲ್ವಾ?" ಅಂತ ಎಚ್‌ಆರ್ ಸಾಹೇಬರು ಸ್ಟೋರ್ಸಿನ ಅಣ್ಣನನ್ನು ಕೇಳಿದರು.

"ನೋಡ್ದೆ ಸಾರ್. ಎಲ್ಲಾ ಕೆಂಪಗೇ ಇತ್ತು. ತಟ್ಟೆ ವಿಷಯ ಅಂದ್ಕೊಂಡು ಮುಚ್ಚಿಬಿಟ್ಟೆ."

ಸಾಹೇಬರು ಇದರಿಂದ ಪಾಠ ಕಲಿತರು. ಮುಂದಿನ ಮೇಲ್‌ಗೆ ಆಶ್ಚರ್ಯಸೂಚಕ ಚಿಹ್ನೆ ಮೂರರ ಬದಲು ಐದು ಹಾಕಿದರು.

ಅಣ್ಣ ಹೇಳಿದ್ದರಲ್ಲಿ ಇಡೀ ಶಾಸ್ತ್ರ ಇದೆ ನೋಡಿ. ಬೋಲ್ಡ್ ಕೆಲಸ ಮಾಡುವುದು ಅದು ದಪ್ಪ ಅಂತಲ್ಲ, ಅಕ್ಕಪಕ್ಕದ್ದು ತೆಳ್ಳಗಿದೆ ಅಂತ. ಹತ್ತು ಸಾಲು ಸಾದಾ ಇದ್ದು ಒಂದು ದಪ್ಪ ಇದ್ದರೆ ಕಣ್ಣು ತಾನಾಗೇ ಅಲ್ಲಿಗೆ ಹೋಗುತ್ತದೆ, ಹುಡುಕಬೇಕಾಗಿಲ್ಲ. ಹನ್ನೊಂದೂ ದಪ್ಪ ಇದ್ದರೆ ಹನ್ನೊಂದೂ ಮತ್ತೆ ಸಾದಾ ಸಾಲುಗಳೇ, ಓದೋಕೆ ಸ್ವಲ್ಪ ಜಾಸ್ತಿ ಕಷ್ಟ ಅಷ್ಟೆ. ನಮ್ಮ ಕೋಲಾರದ ಎಪಿಎಂಸಿಯಲ್ಲಿ ಟೊಮೇಟೊ ಹರಾಜು ನೋಡಿದ್ದೀರಲ್ವಾ? ಅಲ್ಲೂ ಕೂಗಾಟವೇ. ಆದರೆ ಅಲ್ಲಿ ಒಂದು ರಾಶಿಯ ಮುಂದೆ ಒಬ್ಬ ಕೂಗುತ್ತಾನೆ, ಕೂಗುವುದು ಬೆಲೆಯನ್ನು ಮಾತ್ರ. "ದಯವಿಟ್ಟು ಎಲ್ಲರೂ ಗಮನವಿಟ್ಟು ಕೇಳಿ" ಅಂತ ಅಷ್ಟೇ ಜೋರಾಗಿ ಕೂಗುತ್ತಾ ನಿಂತರೆ ಒಂದು ಬಾಕ್ಸೂ ಹೋಗುವುದಿಲ್ಲ.

ಕ್ಯಾಪಿಟಲ್ ಅಕ್ಷರದ ಕಥೆ ಇನ್ನೂ ಹಳೆಯದು. ಹಿಂದಿನ ಟೆಲಿಪ್ರಿಂಟರ್‌ಗಳಲ್ಲಿ ಸಣ್ಣ ಅಕ್ಷರವೇ ಇರಲಿಲ್ಲ, ಹಾಗಾಗಿ ಎಲ್ಲರೂ ದೊಡ್ಡದರಲ್ಲೇ ಬರೆದರು, ಅದನ್ನು ಯಾರೂ ಕೂಗಾಟ ಅಂದುಕೊಳ್ಳಲಿಲ್ಲ. ಸಣ್ಣ ಅಕ್ಷರ ಬಂದ ಮೇಲೆ ದೊಡ್ಡದಕ್ಕೆ ಅರ್ಥ ಬದಲಾಯಿತು. 1995ರಲ್ಲಿ ಬಂದ ಇಂಟರ್ನೆಟ್ ಶಿಷ್ಟಾಚಾರದ ಒಂದು ದಾಖಲೆ ಇದೆ, RFC 1855 ಅಂತ. ಬರೀ ಕ್ಯಾಪಿಟಲ್‌ನಲ್ಲಿ ಬರೆದರೆ ಕಿರುಚಿದ ಹಾಗೆ ಕಾಣುತ್ತದೆ, ಮಿಶ್ರ ಅಕ್ಷರ ಬಳಸಿ ಅಂತ ಅದರಲ್ಲಿ ಆಗಲೇ ಬರೆದಿದ್ದಾರೆ. ಅಮೆರಿಕದ ನೌಕಾಪಡೆ ಕೂಡ ತನ್ನ ಅಧಿಕೃತ ಸಂದೇಶಗಳಿಗೆ ಕ್ಯಾಪಿಟಲ್ಲೇ ಬೇಕು ಅನ್ನುವ ನಿಯಮವನ್ನು 2013ರಲ್ಲಿ ಕೈಬಿಟ್ಟಿತು. ಯುದ್ಧನೌಕೆ ಇಟ್ಟುಕೊಂಡವರೇ ಬಿಟ್ಟರು. ನಮ್ಮಲ್ಲಿ ಕ್ಯಾಂಟೀನ್ ತಟ್ಟೆಗೆ ಇನ್ನೂ ಬೇಕು.

ಈ ಬಣ್ಣ, ಬೋಲ್ಡು, ಕ್ಯಾಪಿಟಲ್ಲು ಎಲ್ಲಾ ಸೇರಿ ಕೆಲಸಕ್ಕೇ ಕುತ್ತು ತಂದ ಉದಾಹರಣೆಯೂ ಉಂಟು. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಒಬ್ಬ ಮಹಿಳಾ ಅಕೌಂಟೆಂಟ್ ಹೀಗೆ ಮೇಲ್ ಕಳಿಸುತ್ತಾರೆ, ಸಹೋದ್ಯೋಗಿಗಳಿಗೆ ಕಿರಿಕಿರಿಯಾಗುತ್ತಿದೆ ಅಂತ ಕಂಪನಿ 2007ರಲ್ಲಿ ಅವರನ್ನು ತೆಗೆದುಹಾಕಿತು. ಆಕೆ ದೂರು ಕೊಟ್ಟರು. 2009ರಲ್ಲಿ ತೀರ್ಪು ಆಕೆಯ ಪರ ಬಂತು, 17,000 ನ್ಯೂಜಿಲೆಂಡ್ ಡಾಲರ್ ಪರಿಹಾರ. ಮೇಲ್ ಹೇಗೆ ಬರೆಯಬೇಕು ಅಂತ ಆ ಕಂಪನಿ ಯಾವ ನಿಯಮವನ್ನೂ ಮಾಡಿರಲಿಲ್ಲ. ಹಾಗಿದ್ದ ಮೇಲೆ ತಪ್ಪು ಅಂತ ಆಕೆಗೆ ಗೊತ್ತಾಗಬೇಕಾದರೂ ಹೇಗೆ? ನನ್ನ ಪ್ರಕಾರ ತೀರ್ಪು ಸರಿಯಾಗಿದೆ. ಆ ಕಂಪನಿಯ ನ್ಯಾಯ ನಮ್ಮ ಕೋಲಾರ ಜಿಲ್ಲೆಗೆ ಬಂದರೆ ಮ್ಯಾನೇಜರ್ ಅನ್ನುವ ಜಾತಿಯೇ ಉಳಿಯುವುದಿಲ್ಲ.

ಇನ್ನು ಆಶ್ಚರ್ಯಸೂಚಕ. ಇದೊಂದು ವಿಚಿತ್ರ ಪ್ರಾಣಿ. "ಥ್ಯಾಂಕ್ಸ್!" ಅಂದರೆ ನಗುನಗುತ್ತಾ ಹೇಳಿದ ಹಾಗಿರುತ್ತದೆ. "ಇವತ್ತೇ ಸ್ಟಾಕ್ ರಿಪೋರ್ಟ್ ಕಳಿಸಿ!" ಅಂದರೆ ಮೇಜು ಕುಟ್ಟಿದ ಹಾಗೆ. ಚಿಹ್ನೆ ಅದೇ. ಖುಷಿಯ ಮಾತಿನ ಪಕ್ಕ ಇಟ್ಟರೆ ಖುಷಿ ಹೆಚ್ಚಿಸುತ್ತದೆ, ಅಪ್ಪಣೆಯ ಪಕ್ಕ ಇಟ್ಟರೆ ಅಪ್ಪಣೆಯನ್ನು ಬೈಗುಳಕ್ಕೆ ಏರಿಸುತ್ತದೆ. "ಕಳಿಸಿ" ಅನ್ನುವುದರಲ್ಲಿ ಇದ್ದ ಬಹುವಚನದ ಮರ್ಯಾದೆಯನ್ನು ಆ ಒಂದು ಗೀಟು ತಿಂದುಹಾಕುತ್ತದೆ. ಸಾವಿನ ಸುದ್ದಿಯ ಪಕ್ಕ ಇಟ್ಟರೆ? ನಮ್ಮಲ್ಲಿ ಅದೂ ಆಗಿದೆ. ಸಹೋದ್ಯೋಗಿಯೊಬ್ಬರ ತಂದೆ ತೀರಿಕೊಂಡರು ಅಂತ ಬಂದ ಮೇಲ್‌ನ ಕೊನೆಗೆ ಮೂರು ಆಶ್ಚರ್ಯಸೂಚಕ. ಅದಕ್ಕೆ ಹದಿನೈದು ಜನ 👍 ಒತ್ತಿದರು.

ಔಟ್‌ಲುಕ್‌ನಲ್ಲಿ ಇನ್ನೊಂದು ಕೆಂಪು ಆಶ್ಚರ್ಯಸೂಚಕ ಇದೆಯಲ್ಲ, ಹೈ ಇಂಪಾರ್ಟೆನ್ಸ್ ಅಂತ, ಅದು ಅಕ್ಷರದಲ್ಲಿ ಅಲ್ಲ, ಮೇಲ್‌ನ ಹೆಡರ್‌ನಲ್ಲಿ `Importance: high` ಅಂತ ಹೋಗುತ್ತದೆ. ಎದುರಿನವರ ಇನ್‌ಬಾಕ್ಸಿನಲ್ಲಿ ಅದರ ಕೆಂಪು ಗುರುತು ಕಾಣುತ್ತದೆ. ಪ್ರತಿ ಮೇಲ್‌ಗೂ ಒತ್ತೋಕೆ ಬೇಜಾರು ಅಂತ ಸಾಹೇಬರು ಸೆಟ್ಟಿಂಗ್ಸಿಗೆ ಹೋಗಿ ಅದನ್ನೇ ಕಾಯಂ ಮಾಡಿಕೊಂಡಿದ್ದಾರೆ. ಹಾಗಾಗಿ ಅವರ ಮಗಳ ಮದುವೆ ಆಮಂತ್ರಣವೂ ಹೈ ಇಂಪಾರ್ಟೆನ್ಸ್, "ಓಕೆ" ಅನ್ನುವ ಒಂದು ಪದದ ಉತ್ತರವೂ ಹೈ ಇಂಪಾರ್ಟೆನ್ಸ್.

ಎಮೋಜಿ ವಿಷಯಕ್ಕೆ ಬಂದರೆ ಸಾಹೇಬರು ಪಾಪ ನಗುವವರೇ. ಒಮ್ಮೆ ಬೈಗುಳ ಜಾಸ್ತಿಯಾಯಿತು ಅನಿಸಿ, ಭಾನುವಾರದ ಕೆಲಸಕ್ಕೆ ಎಲ್ಲರೂ ಬರಬೇಕು ಅಂತ ಬರೆದು ಕೊನೆಗೆ ಒಂದು ನಗುಮುಖ ಇಟ್ಟರು. `:)` ಅಂತ ಟೈಪ್ ಮಾಡಿದರೆ ಔಟ್‌ಲುಕ್ ಅದನ್ನು ತಾನೇ ನಗುಮುಖ ಮಾಡುತ್ತಿತ್ತು. ಆದರೆ ಅದು ನಿಜವಾದ ಎಮೋಜಿ ಅಲ್ಲ, ವಿಂಗ್‌ಡಿಂಗ್ಸ್ ಅನ್ನುವ ಫಾಂಟಿನಲ್ಲಿ ಬರೆದ `J` ಅಕ್ಷರ. ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ನಗು ಹೋಗಿ ಬರೀ `J` ಉಳಿಯುತ್ತದೆ. ನಮ್ಮಲ್ಲಿ ಎ ಶಿಫ್ಟ್, ಬಿ ಶಿಫ್ಟ್, ಸಿ ಶಿಫ್ಟ್, ಜೊತೆಗೆ ಜನರಲ್‌ಗೆ ಜಿ ಶಿಫ್ಟ್ ಇದೆ. "ಸಾರ್, ಈ ಜೆ ಶಿಫ್ಟ್ ಎಷ್ಟು ಗಂಟೆಗೆ?" ಅಂತ ಲೈನಿನ ಹುಡುಗರು ಫೋನ್ ಮೇಲೆ ಫೋನ್ ಮಾಡಿದರು. ಸಾಹೇಬರಿಗೆ ಅದು ತಮ್ಮದೇ ನಗು ಅಂತ ಗೊತ್ತಾಗಲಿಲ್ಲ. ಅವರೂ ಪೇರೋಲಿಗೆ ಫೋನ್ ಮಾಡಿ ಕೇಳಿದರಂತೆ.

ನಗುಮುಖ ಇಟ್ಟರೆ ಎದುರಿನವರು ನಮ್ಮನ್ನು ಸ್ನೇಹಜೀವಿ ಅಂದುಕೊಳ್ಳುತ್ತಾರೆ ಅನ್ನುವುದೂ ಎಲ್ಲ ಕಡೆ ನಿಜವಲ್ಲ. 2017ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಮೊದಲ ಸಲ ಪರಿಚಯವಾಗುವ ಕೆಲಸದ ಮೇಲ್‌ನಲ್ಲಿ ನಗುಮುಖ ಇಟ್ಟರೆ ಆತ್ಮೀಯತೆ ಹೆಚ್ಚುವುದಿಲ್ಲ, ಬರೆದವರಿಗೆ ಕೆಲಸ ಅಷ್ಟಾಗಿ ಗೊತ್ತಿಲ್ಲ ಅನ್ನುವ ಭಾವನೆ ಮಾತ್ರ ಹೆಚ್ಚುತ್ತದೆ ಅಂತ ಕಂಡುಬಂತು. ಪರಿಚಯ ಇದ್ದವರ ನಡುವೆ ಬೇರೆ ಮಾತು. ಪಕ್ಕದ ಸೀಟಿನವರಿಗೆ "ನಿಮ್ಮ ಎಕ್ಸೆಲ್ ಶೀಟ್ ನೋಡಿ ತಲೆ ತಿರುಗಿತು 😄" ಅಂದರೆ ತಮಾಷೆ ಅಂತ ಗೊತ್ತಾಗುತ್ತದೆ. ಆ ಮುಖ ತೆಗೆದರೆ ಜಗಳ. ಅಲ್ಲಿ ಎಮೋಜಿ ನಿಜಕ್ಕೂ ಕೆಲಸ ಮಾಡುತ್ತಿದೆ. ಚೆನ್ನೈನ ಹೊಸ ಸಪ್ಲೈಯರ್‌ಗೆ ಮೊದಲ ಕೊಟೇಶನ್ ಕೇಳುವಾಗ ಅದೇ ಮುಖಕ್ಕೆ ಕೆಲಸ ಇಲ್ಲ.

👍 ಅಂತೂ ಇನ್ನೂ ಅಪಾಯ. ಕೆನಡಾದಲ್ಲಿ ಒಬ್ಬ ರೈತನಿಗೆ ಖರೀದಿದಾರರು ಅಗಸೆ ಮಾರುವ ಒಪ್ಪಂದದ ಫೋಟೋವನ್ನು ಮೊಬೈಲಿಗೆ ಕಳಿಸಿ ಒಪ್ಪಿಗೆ ಕೇಳಿದರು. ಆತ ಹೆಬ್ಬೆರಳು ಒತ್ತಿದ. ಆಮೇಲೆ ಮಾಲು ಕೊಡಲಿಲ್ಲ. ಸಿಕ್ಕಿತು ಅಂತ ಹೇಳಿದ್ದು, ಒಪ್ಪಿದೆ ಅಂತಲ್ಲ ಅಂದ. 2023ರಲ್ಲಿ ಕೋರ್ಟು ಅದು ಒಪ್ಪಿಗೆಯೇ ಅಂತ ಹೇಳಿ, 82,000ಕ್ಕೂ ಹೆಚ್ಚು ಕೆನಡಾ ಡಾಲರ್ ಕಟ್ಟು ಅಂದಿತು. ಅವರಿಬ್ಬರ ನಡುವೆ ಹಿಂದೆಯೂ ಹೀಗೇ ಚುಟುಕು ಮೆಸೇಜಿನಲ್ಲೇ ವ್ಯಾಪಾರ ನಡೆದಿತ್ತು ಅನ್ನುವುದೂ ಲೆಕ್ಕಕ್ಕೆ ಬಂತು. ಪರ್ಚೇಸ್ ವಿಭಾಗದಲ್ಲಿ ಕೂತು ಎಲ್ಲಾ ಮೇಲ್‌ಗೂ ಸುಮ್ನೆ ಹೆಬ್ಬೆರಳು ಒತ್ತುವವರು ಇದನ್ನು ಓದಿ ಒಮ್ಮೆ ಕೈ ನೋಡಿಕೊಳ್ಳಲಿ.

ಸರಿ, ಆ ಬಸ್ ಮೇಲನ್ನು ಹೇಗೆ ಬರೆಯಬಹುದಿತ್ತು? ಸಬ್ಜೆಕ್ಟಿನಲ್ಲೇ ಪೂರ್ತಿ ವಿಷಯ: "ಸೋಮವಾರದಿಂದ ಮೊದಲ ಶಿಫ್ಟ್ ಬಸ್ 5.30ಕ್ಕೆ, 5.45ಕ್ಕಲ್ಲ". ಒಳಗೆ ಎರಡು ಸಾಲು: ಕ್ಲಾಕ್ ಟವರ್‌ನಿಂದ ಬಿಡುವ ಸಮಯ, ಉಳಿದ ಶಿಫ್ಟುಗಳಿಗೆ ಬದಲಾವಣೆ ಇಲ್ಲ ಅನ್ನುವ ಮಾತು. ಬೋಲ್ಡ್ ಬೇಕೇ ಬೇಕು ಅಂದರೆ 5.30 ಒಂದಕ್ಕೆ. ಐಡಿ ಕಾರ್ಡು, ತಟ್ಟೆ, ಟೂ ವೀಲರ್ ಎಲ್ಲಾ ಬೇರೆ ದಿನ, ಬೇರೆ ಮೇಲ್. ಮೇಲ್ ಓದದೆಯೂ, ಬರೀ ಮೊಬೈಲಿನ ನೋಟಿಫಿಕೇಶನ್ ನೋಡಿದವರೂ ಬಸ್ ಹತ್ತುತ್ತಿದ್ದರು. ಕನ್ನಡದಲ್ಲಿ ಬರೆದರಂತೂ ಕ್ಯಾಪಿಟಲ್ಲಿನ ಕಾಟವೇ ಇಲ್ಲ. ಆದರೆ ಬೋಲ್ಡ್ ಜಾಗ್ರತೆ, ಸಣ್ಣ ಸೈಜಿನಲ್ಲಿ ಒತ್ತಕ್ಷರಗಳು ಮಸಿಯ ಚುಕ್ಕಿಯಾಗುತ್ತವೆ. ಅಡಿಗೆರೆ ಎಳೆದರೆ ಆ ಗೆರೆ ಒತ್ತಕ್ಷರದ ಮೇಲೇ ಹಾದುಹೋಗುತ್ತದೆ. ಇಂಗ್ಲಿಷಿನಲ್ಲಿ ಕ್ಯಾಪಿಟಲ್ ಬೇಡವೇ ಬೇಡ ಅಂತಲೂ ನಾನು ಹೇಳುವುದಿಲ್ಲ. ಮೆಂಟೆನೆನ್ಸ್ ನಡೆಯುವಾಗ "ಪ್ಯಾನೆಲ್ ಆನ್ ಮಾಡಬೇಡಿ" ಅನ್ನುವ ಸಾಲಿನಲ್ಲಿ `NOT` ಒಂದು ದೊಡ್ಡದಾಗಿರಲಿ. ಅಲ್ಲಿ ಒಂದು ಪದ ಕಣ್ತಪ್ಪಿದರೆ ಒಬ್ಬರ ಕೈ ಹೋಗುತ್ತದೆ.

ಇದನ್ನೆಲ್ಲಾ ಸಾಹೇಬರಿಗೆ ಹೇಳಿದವರು ಯಾರೂ ಇಲ್ಲ. ಸ್ಟೋರ್ಸಿನ ಅಣ್ಣ ತಮ್ಮದೇ ದಾರಿ ಕಂಡುಕೊಂಡರು. ಔಟ್‌ಲುಕ್‌ನಲ್ಲಿ ಒಂದು ರೂಲ್ ಮಾಡಿಸಿಕೊಂಡಿದ್ದಾರೆ: ಸಬ್ಜೆಕ್ಟಿನಲ್ಲಿ `!!!` ಇದ್ದರೆ ಆ ಮೇಲ್ ನೇರವಾಗಿ "ಜಾತ್ರೆ" ಅನ್ನುವ ಫೋಲ್ಡರಿಗೆ. ಇನ್‌ಬಾಕ್ಸ್ ಈಗ ತಣ್ಣಗಿದೆಯಂತೆ. ಒಂದೇ ತೊಂದರೆ, ಆಯುಧ ಪೂಜೆಗೆ ಮುಂಚೆ ಬೋನಸ್ ಫಾರಂ ತುಂಬಿ ಕಳಿಸಿ ಅನ್ನುವ ಮೇಲೂ ಅದೇ ಜಾತ್ರೆಗೆ ಹೋಗಿತ್ತು, ಕೊನೆ ದಿನಾಂಕ ಮುಗಿದ ಮೇಲೆ ಸಿಕ್ಕಿತು. ಅಣ್ಣ ಹೋಗಿ ಕೇಳಿದ್ದಕ್ಕೆ ಸಾಹೇಬರಿಗೆ ಬಹಳ ಬೇಸರವಾಯಿತಂತೆ.

"ಏನಣ್ಣ, ಅಷ್ಟು ಕೆಂಪಗೆ ಬರ್ದಿದ್ನಲ್ಲ?"