ಮೂರು ವಾಕ್ಯಗಳ ಪರಿಚಯದಲ್ಲಿ ಉಳಿಯಬೇಕಾದದ್ದು ಯಾವುದು?

ಕರ್ನಾಟಕದ ಹೊರಗೆ ನೆಲೆಸಿ ಹದಿನೇಳು ವರ್ಷಗಳಾದವು. ಈ ಅವಧಿಯಲ್ಲಿ ನನ್ನ ಕೆಲಸದ ಒಂದು ಭಾಗವೆಂದರೆ ಉಪನ್ಯಾಸಕ್ಕೆ ಬರುವವರ ವ್ಯಕ್ತಿಪರಿಚಯಗಳನ್ನು ತಿದ್ದಿ, ಆಹ್ವಾನಪತ್ರಿಕೆಗೆ ಹೊಂದುವಷ್ಟು ಚಿಕ್ಕದು ಮಾಡಿಕೊಡುವುದು. ಕಚೇರಿಯಲ್ಲಿ ಇಂಗ್ಲಿಷಿನ ಪರಿಚಯಗಳು ಬರುತ್ತವೆ, ಕನ್ನಡದ ಗೆಳೆಯರು ಕನ್ನಡದವನ್ನು ಕಳುಹಿಸುತ್ತಾರೆ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ತಿದ್ದುತ್ತಿರುವುದರಿಂದ ಒಂದು ವ್ಯತ್ಯಾಸ ನನಗೆ ಮತ್ತೆ ಮತ್ತೆ ಕಾಣಿಸಿದೆ. ಇಲ್ಲಿಯವರ ಪರಿಚಯ ವ್ಯಕ್ತಿ ಇಂದು ಏನು ಮಾಡುತ್ತಿದ್ದಾರೆ ಎಂಬಲ್ಲಿಂದ ಹೊರಟು ಹಿಂದಕ್ಕೆ ಹೋಗುತ್ತದೆ. ನಮ್ಮದು ಓದಿನಿಂದ, ಕೆಲವೊಮ್ಮೆ ಬಾಲ್ಯದಿಂದಲೇ ಹೊರಟು ಇಂದಿನ ದಿನಕ್ಕೆ ಕೊನೆಯಲ್ಲಿ ಬಂದು ಸೇರುತ್ತದೆ. ಅಭಿನಂದನಾ ಗ್ರಂಥಕ್ಕೆ ನಮ್ಮ ಕ್ರಮವೇ ಸರಿ, ಏಕೆಂದರೆ ಅಲ್ಲಿ ಓದುಗರಿಗೆ ಬೇಕಾಗಿರುವುದು ಒಂದು ಬದುಕಿನ ಕಥೆ. ಆದರೆ ಮೂರೇ ವಾಕ್ಯಗಳ ಜಾಗವಿರುವಾಗ ಆ ಕ್ರಮ ಮುಖ್ಯವಾದದ್ದನ್ನೇ ಹೊರಗೆ ತಳ್ಳಿಬಿಡುತ್ತದೆ. ಜಾಗ ಮುಗಿಯುವ ಹೊತ್ತಿಗೆ ನಾವಿನ್ನೂ ಸ್ನಾತಕೋತ್ತರ ಪದವಿಯ ಹತ್ತಿರವೇ ನಿಂತಿರುತ್ತೇವೆ.

2024ರಲ್ಲಿ ನನ್ನ ಪರಿಚಯದ ವಾಕ್‌ಚಿಕಿತ್ಸಕಿಯೊಬ್ಬರು, ಅಂದರೆ ಸ್ಪೀಚ್ ಥೆರಪಿಸ್ಟ್ ಒಬ್ಬರು, ಉಗ್ಗುವ ಮಕ್ಕಳ ತಂದೆತಾಯಿಗಳಿಗಾಗಿ ಉಪನ್ಯಾಸ ನೀಡುವವರಿದ್ದರು. ಸಂಘಟಕರು ಮೂರು ವಾಕ್ಯಗಳ ಪರಿಚಯ ಕೇಳಿದ್ದರು. ಅವರು ನನಗೆ ಕಳುಹಿಸಿದ್ದು ಒಂದು ಪುಟ, ಸುಮಾರು ನೂರೆಂಬತ್ತು ಪದ. ಅದರ ಮೊದಲ ವಾಕ್ಯ ಹೀಗಿತ್ತು:

“ಬಾಲ್ಯದಿಂದಲೂ ಸೇವಾ ಮನೋಭಾವವನ್ನು ಮೈಗೂಡಿಸಿಕೊಂಡಿದ್ದ ಇವರು ವಾಕ್ ಮತ್ತು ಶ್ರವಣ ವಿಜ್ಞಾನದಲ್ಲಿ ಬಿ.ಎಸ್ಸಿ. ಹಾಗೂ ಎಂ.ಎಸ್ಸಿ. ಪದವಿಗಳನ್ನು ಪಡೆದು, ಕೆಲಕಾಲ ಖಾಸಗಿ ಚಿಕಿತ್ಸಾಲಯವೊಂದರಲ್ಲಿ ಸೇವೆ ಸಲ್ಲಿಸಿ, ಬಳಿಕ ಮಕ್ಕಳ ಆಸ್ಪತ್ರೆಯನ್ನು ಸೇರಿ, ಅಲ್ಲಿ ದುಡಿಯುತ್ತಲೇ ಪಿಎಚ್‌.ಡಿ. ಪೂರೈಸಿ, ಪ್ರಸ್ತುತ ವಾಕ್‌ಚಿಕಿತ್ಸಾ ಘಟಕದ ಮುಖ್ಯಸ್ಥೆಯಾಗಿ ಕಾರ್ಯನಿರ್ವಹಿಸುತ್ತಿದ್ದಾರೆ.”

ಇದರ ಮುಂದೆ ಒಂಬತ್ತು ಸಂಶೋಧನಾ ಪ್ರಬಂಧಗಳು, ಮೂರು ವೃತ್ತಿಸಂಘಗಳ ಸದಸ್ಯತ್ವ, ಹಲವಾರು ಶಿಬಿರಗಳು, ಒಂದು ಕೈಪಿಡಿ, ಎರಡು ಪ್ರಶಸ್ತಿಗಳು, ಜೊತೆಗೆ ಭರತನಾಟ್ಯದ ಆಸಕ್ತಿ ಇದ್ದವು. ವ್ಯಾಕರಣದಲ್ಲಿ ತಪ್ಪಿರಲಿಲ್ಲ, ಸುಳ್ಳಂತೂ ಒಂದೂ ಇರಲಿಲ್ಲ.

ಈ ಮೊದಲ ವಾಕ್ಯವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಕನ್ನಡದ ಪರಿಚಯಗಳು ಉದ್ದವಾಗುವ ಗುಟ್ಟು ಇದರಲ್ಲೇ ಇದೆ. ಪಡೆದು, ಸಲ್ಲಿಸಿ, ಸೇರಿ, ಪೂರೈಸಿ ಎಂದು ಪೋಣಿಸುತ್ತಾ ಹೋದರೆ ಇಡೀ ವೃತ್ತಿಜೀವನ ಒಂದೇ ವಾಕ್ಯದಲ್ಲಿ ಹಿಡಿಸುತ್ತದೆ. ಹೀಗಾಗಿ “ಮೂರು ವಾಕ್ಯ” ಎಂಬ ಮಿತಿಯನ್ನು ಕನ್ನಡದಲ್ಲಿ ಪಾಲಿಸಿಯೂ ಮುರಿಯಬಹುದು. ಅವರು ಆ ಪುಟದ ಪೂರ್ಣವಿರಾಮಗಳಲ್ಲಿ ಮೂರನ್ನು ಮಾತ್ರ ಉಳಿಸಿಕೊಂಡಿದ್ದರೂ ಒಂದು ಪದವನ್ನೂ ತೆಗೆಯಬೇಕಾಗುತ್ತಿರಲಿಲ್ಲ. ಆದ್ದರಿಂದ ನಾನು ವಾಕ್ಯಗಳ ಎಣಿಕೆಯ ಜೊತೆಗೆ ಇನ್ನೆರಡು ಕಟ್ಟುಪಾಡುಗಳನ್ನು ಇಟ್ಟುಕೊಂಡಿದ್ದೇನೆ. ಒಟ್ಟು ನಲವತ್ತೈದು ಪದಗಳನ್ನು ಮೀರಬಾರದು, ಮತ್ತು ಒಂದು ವಾಕ್ಯದಲ್ಲಿ ಇಂಥ “ಪಡೆದು, ಸೇರಿ” ಕೊಂಡಿ ಒಂದಕ್ಕಿಂತ ಹೆಚ್ಚು ಇರಬಾರದು. ಅಷ್ಟಾದರೆ ನಿರೂಪಕರು ನಿಧಾನವಾಗಿ ಓದಿದರೂ ಒಂದು ನಿಮಿಷದೊಳಗೆ ಮುಗಿಯುತ್ತದೆ, ಎಲ್ಲಿಯೂ ಉಸಿರು ಕಟ್ಟುವುದಿಲ್ಲ.

ಆದರೆ ಕತ್ತರಿ ಎತ್ತಿಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಈ ಸಭೆಯಲ್ಲಿ ಕುಳಿತವರು ಈ ವ್ಯಕ್ತಿಯ ಮಾತನ್ನು ಈ ವಿಷಯದಲ್ಲಿ ನಂಬಲು ಏನು ತಿಳಿದಿರಬೇಕು? ನಾನು ಆ ಪುಟದ ಪ್ರತಿಯೊಂದು ಸಂಗತಿಯನ್ನೂ ಬೆರಳಿನಿಂದ ಮುಚ್ಚಿ, ಇದು ಕಾಣದಿದ್ದರೆ ಆ ತಂದೆತಾಯಿಗಳ ನಂಬಿಕೆ ಕಡಿಮೆಯಾಗುತ್ತದೆಯೇ ಎಂದು ನೋಡುತ್ತಾ ಹೋದೆ. ಪಿಎಚ್‌.ಡಿ. ಇದ್ದ ಮೇಲೆ ಬಿ.ಎಸ್ಸಿ., ಎಂ.ಎಸ್ಸಿ.ಗಳನ್ನು ಮುಚ್ಚಿದರೆ ಏನೂ ಕಡಿಮೆಯಾಗುವುದಿಲ್ಲ, ದೊಡ್ಡ ಪದವಿ ಚಿಕ್ಕದನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಶುಲ್ಕ ಕಟ್ಟಿದವರೆಲ್ಲರೂ ಪಡೆಯಬಹುದಾದ ವೃತ್ತಿಸಂಘದ ಸದಸ್ಯತ್ವ ಅರ್ಹತೆಯೇ ಅಲ್ಲ. “ಹಲವಾರು ಶಿಬಿರಗಳು” ಎಂಬಲ್ಲಿ ಎಣಿಕೆಯೂ ಇಲ್ಲ, ಯಾರಿಗಾಗಿ ನಡೆದವು ಎಂಬುದೂ ಇಲ್ಲ. ಪ್ರಶಸ್ತಿಗಳೆರಡೂ ಕಾಲೇಜು ದಿನಗಳ ಭಾಷಣ ಸ್ಪರ್ಧೆಗಳಿಗೆ ಸಂದವು. ಸೇವಾ ಮನೋಭಾವವನ್ನು ಯಾರೂ ಪರೀಕ್ಷಿಸಲಾರರು, ಹಾಗಾಗಿ ಅದು ನಂಬಿಕೆಗೆ ಆಧಾರವಾಗಲಾರದು.

ಇಷ್ಟು ಹೋದ ಮೇಲೆ ಒಂದು ವಿಚಿತ್ರ ಸಂಗತಿ ಗಮನಕ್ಕೆ ಬಂತು. ಅತ್ಯಂತ ಮುಖ್ಯವಾದ ಒಂದು ಅರ್ಹತೆ ಆ ಪುಟದಲ್ಲಿ ಇರಲೇ ಇಲ್ಲ. ಚಿಕಿತ್ಸೆ ನೀಡಲು ಬೇಕಾದ ವೃತ್ತಿ ನೋಂದಣಿ ಅವರಿಗಿತ್ತು, ಆದರೆ ಅದು ಎಲ್ಲರಿಗೂ ಇರುವಂಥದ್ದಲ್ಲವೇ ಎಂದು ಅವರು ಬರೆದಿರಲಿಲ್ಲ. ಮಗುವನ್ನು ಯಾರ ಬಳಿ ಕರೆದೊಯ್ಯಬೇಕೆಂದು ತಿಳಿಯದೆ ಕುಳಿತ ತಾಯಿಗೆ “ನೋಂದಾಯಿತ” ಎಂಬ ಒಂದು ಪದ ಒಂಬತ್ತು ಪ್ರಬಂಧಗಳಿಗಿಂತ ಹೆಚ್ಚು ತೂಕದ್ದು. ವೃತ್ತಿಯ ಒಳಗಿರುವವರಿಗೆ ತೀರಾ ಸಾಮಾನ್ಯವೆನಿಸುವ ಅರ್ಹತೆಗಳು ಹೀಗೆ ಬಿಟ್ಟುಹೋಗುವುದನ್ನು ನಾನು ಅನೇಕ ಪರಿಚಯಗಳಲ್ಲಿ ಕಂಡಿದ್ದೇನೆ, ಉದ್ದವಾದ ಪರಿಚಯಗಳಲ್ಲಿಯೇ ಹೆಚ್ಚಾಗಿ.

ಅನುಭವದ ವರ್ಷಗಳ ಬಗ್ಗೆಯೂ ನಾವು ಬಹಳ ಹೊತ್ತು ಮಾತನಾಡಿದೆವು. ವೃತ್ತಿಗೆ ಬಂದು ಹದಿನೇಳು ವರ್ಷಗಳಾಗಿರುವುದರಿಂದ “17 ವರ್ಷಗಳ ಅನುಭವ” ಎಂದು ಬರೆಯಬಹುದು ಎಂದು ಅವರು ಹೇಳಿದರು. ಮೊದಲ ಮೂರು ವರ್ಷ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. ಖಾಸಗಿ ಚಿಕಿತ್ಸಾಲಯದಲ್ಲಿ, ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡ ಹಿರಿಯರಿಗೆ ಚಿಕಿತ್ಸೆ ನೀಡುತ್ತಿದ್ದರಂತೆ. ಅದು ಗೌರವದ ಕೆಲಸವೇ, ಆದರೆ ಈ ಸಭೆಗೆ ಸಂಬಂಧಿಸಿದ್ದಲ್ಲ. ಉಗ್ಗುವ ಮಕ್ಕಳೊಡನೆ ಕಳೆದದ್ದು ಹದಿನಾಲ್ಕು ವರ್ಷ. ದೊಡ್ಡ ಸಂಖ್ಯೆಯನ್ನು ಬಿಟ್ಟು ಚಿಕ್ಕದನ್ನು ಆರಿಸಿಕೊಂಡೆವು, ಏಕೆಂದರೆ “14 ವರ್ಷಗಳಿಂದ ಉಗ್ಗುವ ಮಕ್ಕಳಿಗೆ” ಎಂಬ ಮಾತು ಬರೀ “17 ವರ್ಷಗಳ ಅನುಭವ”ಕ್ಕಿಂತ ಎಷ್ಟೋ ಗಟ್ಟಿ.

ಕೊನೆಗೆ ನಿಂತ ಪರಿಚಯ ಇದು. ಅಚ್ಚಾದ ಪ್ರತಿಯಲ್ಲಿ “ಇವರು” ಎಂಬಲ್ಲಿ ಹೆಸರೂ, ಆಸ್ಪತ್ರೆಯ ಹೆಸರೂ ಇದ್ದವು.

“ಇವರು ಮಕ್ಕಳ ಆಸ್ಪತ್ರೆಯೊಂದರ ವಾಕ್‌ಚಿಕಿತ್ಸಾ ಘಟಕದ ಮುಖ್ಯಸ್ಥೆಯಾಗಿದ್ದು, 14 ವರ್ಷಗಳಿಂದ ಉಗ್ಗುವ ಮಕ್ಕಳಿಗೆ ಚಿಕಿತ್ಸೆ ನೀಡುತ್ತಿರುವ ನೋಂದಾಯಿತ ವಾಕ್‌ಚಿಕಿತ್ಸಕಿ. ಎರಡು ಭಾಷೆಗಳಲ್ಲಿ ಬೆಳೆಯುವ ಮಕ್ಕಳ ಉಗ್ಗನ್ನು ಕುರಿತ ಸಂಶೋಧನೆಗೆ ಪಿಎಚ್‌.ಡಿ. ಪಡೆದಿದ್ದಾರೆ. ಉಗ್ಗುವ ಮಕ್ಕಳೊಡನೆ ಮನೆಯಲ್ಲಿ ಹೇಗೆ ಮಾತನಾಡಬೇಕೆಂದು ತಂದೆತಾಯಿಗಳಿಗೆ ಹೇಳಿಕೊಡುವ ಕೈಪಿಡಿಯ ಇಬ್ಬರು ಲೇಖಕರಲ್ಲಿ ಇವರು ಒಬ್ಬರು.”

ಮೂವತ್ತೈದು ಪದಗಳಾದವು. ಮೊದಲ ವಾಕ್ಯ ಇವರು ಇಂದು ಯಾರು ಎಂಬುದನ್ನು ಹೇಳುತ್ತದೆ, ಎರಡನೆಯದು ಆ ಮಾತಿಗೆ ಪುರಾವೆ ಕೊಡುತ್ತದೆ, ಮೂರನೆಯದು ಎದುರಿಗೆ ಕುಳಿತವರಿಗೂ ಇವರಿಗೂ ನಡುವೆ ಇರುವ ನಂಟನ್ನು ತೋರಿಸುತ್ತದೆ. ಇಂದಿನಿಂದ ಆರಂಭಿಸುವುದನ್ನು ನಾನು ಇಲ್ಲಿಯವರಿಂದ ಕಲಿತೆ ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ಅವರ ಪದ್ಧತಿಯಲ್ಲೂ ನನಗೆ ಹಿಡಿಸದ ಒಂದು ಅಂಶವಿದೆ. ಹುದ್ದೆಯ ಹೆಸರುಗಳನ್ನು, ಪದವಿಗಳ ಸಂಕ್ಷಿಪ್ತ ಅಕ್ಷರಗಳನ್ನು ಹೆಸರಿನ ಹಿಂದೆ ಸಾಲಾಗಿ ಜೋಡಿಸಿಬಿಡುತ್ತಾರೆ, ಆ ವ್ಯಕ್ತಿ ದಿನವಿಡೀ ಏನು ಮಾಡುತ್ತಾರೆಂಬುದು ಮಾತ್ರ ತಿಳಿಯುವುದಿಲ್ಲ. ಈ ವಿಷಯದಲ್ಲಿ ಕನ್ನಡದ ವಾಕ್ಯರಚನೆ ಹೆಚ್ಚು ಅನುಕೂಲವಾದದ್ದು. “ಉಗ್ಗುವ ಮಕ್ಕಳಿಗೆ ಚಿಕಿತ್ಸೆ ನೀಡುತ್ತಿರುವ ವಾಕ್‌ಚಿಕಿತ್ಸಕಿ” ಎಂದಾಗ ಕೆಲಸ ಮೊದಲು ಬಂದು ಹುದ್ದೆ ಅದರ ಮೇಲೆ ಕೂರುತ್ತದೆ, ಬೇರೆ ವಾಕ್ಯವೇ ಬೇಕಾಗುವುದಿಲ್ಲ. ಒಂದು ನಾಮಪದದ ಹಿಂದೆ ಇಂಥ ವಿಶೇಷಣ ಒಂದೇ ಇರಬೇಕು, ಎರಡಾದರೆ ಯಾವುದು ಯಾವುದಕ್ಕೆ ಸೇರಿದ್ದೆಂದು ಕೇಳುವವರು ತಡಕಾಡಬೇಕಾಗುತ್ತದೆ.

ನಾನು ಬಹಳ ಕಾಳಜಿಯಿಂದ ಹೇಳಬಯಸುವುದು ಇನ್ನೊಂದಿದೆ. ಚಿಕ್ಕದು ಮಾಡುವಾಗ ಸತ್ಯ ಮೆಲ್ಲಗೆ ಜಾರುತ್ತದೆ. ನನ್ನ ಮೊದಲ ಕರಡಿನಲ್ಲಿ ಮೂರನೆಯ ವಾಕ್ಯ “ಕೈಪಿಡಿಯನ್ನು ರಚಿಸಿದ್ದಾರೆ” ಎಂದು ಮುಗಿಯುತ್ತಿತ್ತು. ಚೊಕ್ಕವಾಗಿತ್ತು, ಮೂರು ಪದಗಳೂ ಉಳಿದಿದ್ದವು. ಆದರೆ ಆ ಕೈಪಿಡಿಗೆ ಇನ್ನೊಬ್ಬ ಲೇಖಕರಿದ್ದರು, ಮತ್ತು ಅವರೂ ಅದೇ ಸಭೆಗೆ ಬರುವವರಿದ್ದರು. ಹಾಗೆಯೇ ಹೆಸರಿನ ಮುಂದೆ “ಡಾ.” ಎಂದು ಹಾಕಿದರೆ ಒಂದೇ ಅಕ್ಷರದಲ್ಲಿ ಪಿಎಚ್‌.ಡಿ. ಬಂದುಬಿಡುತ್ತದೆ ಎಂದು ಸಂಘಟಕರು ಸೂಚಿಸಿದ್ದರು. ಬೇರೆ ಕಡೆ ಅದು ಸರಿಯೇ. ಆದರೆ ಆಸ್ಪತ್ರೆಯ ಹೆಸರಿನ ಪಕ್ಕದಲ್ಲಿ “ಡಾ.” ಕಂಡರೆ ತಂದೆತಾಯಿಗಳು ಇವರನ್ನು ವೈದ್ಯರೆಂದೇ ತಿಳಿಯುತ್ತಾರೆ, ಔಷಧಿಯ ಪ್ರಶ್ನೆಗಳನ್ನೂ ಕೇಳುತ್ತಾರೆ. ಅದಕ್ಕಾಗಿಯೇ ಯಾವ ಸಂಶೋಧನೆಗೆ ಪಿಎಚ್‌.ಡಿ. ಎಂಬುದಕ್ಕೆ ಒಂದು ಇಡೀ ವಾಕ್ಯವನ್ನು ಖರ್ಚು ಮಾಡಿದೆವು. ತಂಡದಲ್ಲಿ ಒಬ್ಬರಾಗಿದ್ದವರು ಏಕಾಂಗಿಯಾಗಿ ಮಾಡಿದಂತೆ, ಹಿಂದೆ ಇದ್ದ ಹುದ್ದೆ ಇಂದೂ ಇರುವಂತೆ, ಸಲ್ಲಿಸಿದ ಮಹಾಪ್ರಬಂಧ ಅಂಗೀಕೃತವಾದಂತೆ ಕೇಳಿಸುವ ಅಪಾಯ ಎಲ್ಲ ಚಿಕ್ಕ ಪರಿಚಯಗಳಲ್ಲೂ ಇದೆ. ಇದನ್ನು ಪತ್ತೆಹಚ್ಚಲು ನನಗೆ ಗೊತ್ತಿರುವ ದಾರಿ ಒಂದೇ. ಆ ವ್ಯಕ್ತಿಯ ಸಹೋದ್ಯೋಗಿಯೊಬ್ಬರು ಮುಂದಿನ ಸಾಲಿನಲ್ಲಿ ಕುಳಿತು ಕೇಳುತ್ತಿದ್ದಾರೆಂದುಕೊಂಡು ಪ್ರತಿ ಕ್ರಿಯಾಪದವನ್ನೂ ಗಟ್ಟಿಯಾಗಿ ಓದಬೇಕು. ಓದುವಾಗ ಎಲ್ಲಿ ನಾಲಿಗೆ ಹಿಂಜರಿಯುತ್ತದೆಯೋ ಆ ಕ್ರಿಯಾಪದವನ್ನು ಬದಲಿಸಬೇಕು.

ಭರತನಾಟ್ಯವನ್ನು ತೆಗೆದದ್ದು ಅವರಿಗೆ ನೋವಾಯಿತು. ಅದು ನನಗೂ ಅರ್ಥವಾಗುತ್ತದೆ, ಒಬ್ಬ ಮನುಷ್ಯರು ತಮ್ಮ ಬಗ್ಗೆ ಬರೆದ ಪುಟದಿಂದ ಅವರಿಗೆ ಪ್ರಿಯವಾದದ್ದನ್ನು ಇನ್ನೊಬ್ಬರು ಹೊಡೆದುಹಾಕುವುದು ಹಗುರವಾದ ಕೆಲಸವಲ್ಲ. ಲಯಕ್ಕೆ ಹೊಂದಿಸಿಕೊಂಡು ಮಾತನಾಡಿಸುವ ವಿಧಾನದ ಬಗ್ಗೆ ಮುಂದೆ ಮಾತನಾಡುವುದಿದ್ದರೆ ಅದೇ ನೃತ್ಯ ಮೂರನೆಯ ವಾಕ್ಯಕ್ಕೆ ಬರಬಹುದೆಂದು ಹೇಳಿದೆ, ಮತ್ತು ಅದು ಸಮಾಧಾನದ ಮಾತಾಗಿರಲಿಲ್ಲ. ಮೂರನೆಯ ವಾಕ್ಯ ಇರುವುದೇ ಬದಲಾಗುವುದಕ್ಕೆ. ಕೆಲವು ತಿಂಗಳ ನಂತರ ಅವರು ಸಂಶೋಧಕರ ಸಮ್ಮೇಳನವೊಂದಕ್ಕೆ ಹೋದಾಗ ಮೊದಲೆರಡು ವಾಕ್ಯಗಳನ್ನು ಹಾಗೆಯೇ ಇಟ್ಟು, ಕೈಪಿಡಿಯ ಜಾಗದಲ್ಲಿ “ಈ ವಿಷಯದಲ್ಲಿ ಪ್ರಕಟವಾದ ಇವರ 9 ಪ್ರಬಂಧಗಳಲ್ಲಿ 4ಕ್ಕೆ ಇವರೇ ಮೊದಲ ಲೇಖಕಿ” ಎಂದು ಹಾಕಿದೆವು. ತಂದೆತಾಯಿಗಳಿಗೆ ಏನೂ ಹೇಳದ ಆ ಸಂಖ್ಯೆ ಅಲ್ಲಿ ಎಲ್ಲವನ್ನೂ ಹೇಳುತ್ತಿತ್ತು.

ಉದ್ಯೋಗದ ಅರ್ಜಿಗೆ, ಅನುದಾನದ ಕೋರಿಕೆಗೆ ಇಂಥ ಮೂರು ವಾಕ್ಯಗಳು ಸಾಲವು, ಅಲ್ಲಿ ಪ್ರತಿ ಪದವಿಯೂ ಪ್ರತಿ ದಿನಾಂಕವೂ ಬೇಕು. ಅದಕ್ಕಾಗಿ ಅವರ ಆ ಹಳೆಯ ಪುಟವನ್ನು ಎಸೆಯದೆ, ಪ್ರತಿಯೊಂದು ಸಂಗತಿಯ ಎದುರು ಇಸವಿಯನ್ನು ತುಂಬಿಸಿ ಇಟ್ಟುಕೊಳ್ಳಲು ಹೇಳಿದೆ. ಈಗ ಕೈಪಿಡಿಯ ಎರಡನೆಯ ಮುದ್ರಣ ಸಿದ್ಧವಾಗುತ್ತಿದ್ದು, ಹಿಂಬದಿಯ ರಕ್ಷಾಪುಟಕ್ಕೆ ಅದೇ ಪರಿಚಯವನ್ನು ಬಳಸುತ್ತಿದ್ದಾರೆ. ಪುಸ್ತಕ ಹಲವು ವರ್ಷ ಓದುಗರ ಕೈಯಲ್ಲಿರುವುದರಿಂದ ಅದರಲ್ಲಿ ಒಂದೇ ಒಂದು ತಿದ್ದುಪಡಿ ಮಾಡಿದ್ದೇವೆ: “14 ವರ್ಷಗಳಿಂದ” ಎಂಬುದು “2010ರಿಂದ” ಎಂದಾಗಿದೆ.